ನನ್ನ ಉಚಿತ ಇ-ಬುಕ್ ಡೌನ್‌ಲೋಡ್ ಆಗುತ್ತಿದೆ, ಯಾರೂ ಓದುತ್ತಿಲ್ಲ. ಶೀರ್ಷಿಕೆ, ಮುನ್ನುಡಿ, ಅಧ್ಯಾಯದ ಹೆಸರು ಬದಲಿಸಬೇಕಾ?

ಕಡತಪ್ರಿಯ

ಫೋನು, ಹಳೇ ಲ್ಯಾಪ್‌ಟಾಪು, ಪೆನ್‌ಡ್ರೈವು ಅಂತ ಎಲ್ಲೆಲ್ಲೋ ಬಿದ್ದಿರುವ ಫೋಟೋಗಳನ್ನು ಒಂದು ಕಡೆ ತಂದು ಜೋಡಿಸಿ ಇಡುವ ಬಗ್ಗೆ 46 ಪುಟದ ಇ-ಬುಕ್ ಬರೆದಿದ್ದೇನೆ. ಉಚಿತ. ಎಂಟು ತಿಂಗಳಲ್ಲಿ 312 ಡೌನ್‌ಲೋಡ್. ಓದಿ ಏನಾದರೂ ಮಾಡಿದೆ ಅಂತ ಬರೆದವರು ಇಬ್ಬರೇ. ಮೂರನೆಯವರೊಬ್ಬರು "ಒಳ್ಳೇ ಫೋಟೋ ತೆಗೆಯೋದು ಹೇಗೆ ಅನ್ನೋ ಅಧ್ಯಾಯ ಎಲ್ಲಿದೆ?" ಅಂತ ಕೇಳಿದರು. ಆಗ ನನಗೆ ಸಂಶಯ ಬಂತು.

ಶೀರ್ಷಿಕೆ: "ಡಿಜಿಟಲ್ ನೆನಪುಗಳ ಲೋಕ – ಒಂದು ಸಂಪೂರ್ಣ ಮಾರ್ಗದರ್ಶಿ"

ಮುನ್ನುಡಿಯ ಶುರು: "ಇಂದಿನ ವೇಗದ ಯುಗದಲ್ಲಿ ನೆನಪುಗಳು ನಮ್ಮ ಬದುಕಿನ ಅಮೂಲ್ಯ ಆಸ್ತಿ. ಈ ಕೃತಿಯು ನಿಮ್ಮ ಡಿಜಿಟಲ್ ಬದುಕಿಗೆ ಹೊಸ ಆಯಾಮ ನೀಡಲಿದೆ."

ಅಧ್ಯಾಯಗಳು:
1. ಛಾಯಾಗ್ರಹಣ: ಅಂದು–ಇಂದು
2. ಡಿಜಿಟಲ್ ಸಂಗ್ರಹದ ಮಹತ್ವ
3. ಹುಡುಕಾಟದ ಹಾದಿ
4. ಅನಗತ್ಯಕ್ಕೆ ವಿದಾಯ
5. ಶಿಸ್ತಿನ ತತ್ವಗಳು
6. ಮೋಡಗಳ ಆಚೆ
7. ಸುರಕ್ಷತೆಯ ಸೂತ್ರ
8. ಮುಂದಿನ ಹೆಜ್ಜೆಗಳು

ಓದಿದರೆ ಏನು ಸಿಗುತ್ತದೆ ಅನ್ನೋದು ಕಣ್ಣಿಗೆ ಕಾಣುವ ಹಾಗೆ ಬದಲಿಸಬೇಕು. ಒಳಗಿನ ವಿಷಯ ಸರಿಯಾಗಿದೆ, ಹೆಸರುಗಳನ್ನಷ್ಟೇ ಬದಲಿಸಿದರೆ ಸಾಕು ಅನ್ನೋದು ನನ್ನ ನಂಬಿಕೆ.

ಬಾಣಬಿರುಸು

ಸಿಂಪಲ್ ಗುರು. ಶೀರ್ಷಿಕೆಯಲ್ಲಿ ಒಂದು ಸಂಖ್ಯೆ ಹಾಕಿ. "ಫೋಟೋ ಉಳಿಸುವ 7 ಗುಟ್ಟುಗಳು." ಸಂಖ್ಯೆ ಇದ್ದರೆ ಜನ ಒತ್ತುತ್ತಾರೆ. ಮುಗೀತು.

ಮಧ್ಯರಾತ್ರಿ_ಓದುಗ

ಆ 312ರಲ್ಲಿ ನಾನೂ ಒಬ್ಬ. ತಪ್ಪು ತಿಳಿಯಬೇಡಿ. ತೆರೆದೆ, ಮೊದಲ ಅಧ್ಯಾಯದಲ್ಲಿ ಹಳೇ ಕ್ಯಾಮೆರಾಗಳ ಕಥೆ ಇತ್ತು. ಆಮೇಲೆ ನೋಡೋಣ ಅಂತ ಮುಚ್ಚಿದೆ. ಆ ಆಮೇಲೆ ಇನ್ನೂ ಬಂದಿಲ್ಲ.

ಸುಮ್ನೆ_ಬಂದೆ

ಫೋಟೋ ಉಳಿಸುವ ಪುಸ್ತಕ ಅಂದ್ರಲ್ಲ, ನನ್ನ ಫೋನಿನಲ್ಲಿ ಹೋದ ವಾರ ಕೈತಪ್ಪಿ ಒಂದು ಇಡೀ ಆಲ್ಬಮ್ ಡಿಲೀಟ್ ಆಗಿದೆ. ಅದನ್ನು ವಾಪಸ್ ತರೋದು ಯಾವ ಅಧ್ಯಾಯದಲ್ಲಿದೆ? ಲಿಂಕ್ ಕೊಡಿ ಪ್ಲೀಸ್.

ಕಡತಪ್ರಿಯ

ಅಯ್ಯೋ, ಅದು ಇದರಲ್ಲಿ ಇಲ್ಲ ರೀ. ಇರುವುದನ್ನು ಜೋಡಿಸುವುದು ಮಾತ್ರ.

ಕೆಂಪುಮಸಿ

ಇಪ್ಪತ್ತು ವರ್ಷದಿಂದ ಕೈಪಿಡಿಗಳನ್ನು ತಿದ್ದುತ್ತಿದ್ದೇನೆ. ಒಬ್ಬರು ಫೋಟೋ ತೆಗೆಯೋದು ಕೇಳಿದರು, ಇನ್ನೊಬ್ಬರು ಅಳಿಸಿದ್ದನ್ನು ವಾಪಸ್ ತರೋದು ಕೇಳಿದರು. ಇಬ್ಬರೂ ದಡ್ಡರಲ್ಲ. "ನೆನಪುಗಳ ಲೋಕ" ಅಂದರೆ ಏನು ಬೇಕಾದರೂ ಇರಬಹುದು, ಅದಕ್ಕೇ ಅವರವರಿಗೆ ಬೇಕಾದ್ದನ್ನು ಊಹಿಸಿಕೊಂಡರು.

ಶೀರ್ಷಿಕೆಯಿಂದ ಶುರು ಮಾಡಬೇಡಿ, ಅದು ಕೊನೆಗೆ. ಮೊದಲು ಕೊನೇ ಪುಟ ತೆಗೆಯಿರಿ. ನೀವು ಹೇಳಿದ್ದನ್ನೆಲ್ಲ ಒಬ್ಬರು ಮಾಡಿ ಮುಗಿಸಿದ್ದಾರೆ ಅಂದುಕೊಳ್ಳಿ. ಈಗ ಅವರ ಮೇಜಿನ ಮೇಲೆ ಏನಿದೆ? ಮನಸ್ಸಿನಲ್ಲಿ ಅಲ್ಲ, ಮೇಜಿನ ಮೇಲೆ. ಒಂದೇ ವಾಕ್ಯದಲ್ಲಿ ಬರೆದು ಇಲ್ಲಿ ಹಾಕಿ. "ಆಯಾಮ", "ಅರಿವು", "ನೆಮ್ಮದಿ" ಈ ಮೂರೂ ಬರಕೂಡದು.

ಬಾಣಬಿರುಸು ಅವರೇ, ಸಂಖ್ಯೆ ಕೆಲಸ ಮಾಡುತ್ತದೆ, ಒಪ್ಪಿದೆ. ಆದರೆ "7 ಗುಟ್ಟು" ಪುಸ್ತಕದಲ್ಲಿ ಏನಿದೆ ಅಂತ ಹೇಳುತ್ತದೆ. ಓದಿದವರಿಗೆ ಏನು ಆಗುತ್ತದೆ ಅಂತ ಹೇಳಲ್ಲ. ಗುಟ್ಟು ಏಳಾದರೇನು, ಹದಿನೇಳಾದರೇನು?

ಬಾಣಬಿರುಸು

ಮೇಡಂ, ಒಳಗೆ ಏನಿದೆ ಅನ್ನೋದು ಡೌನ್‌ಲೋಡ್ ಆದ ಮೇಲಿನ ಮಾತು. ಮೊದಲು ಒತ್ತಬೇಕಲ್ವಾ?

ಮಧ್ಯರಾತ್ರಿ_ಓದುಗ

312 ಜನ ಒತ್ತಿದ್ದಾರೆ ಅಣ್ಣಾ. ಒತ್ತಿಸೋದು ಇವರ ಸಮಸ್ಯೆಯೇ ಅಲ್ಲ.

ಕಡತಪ್ರಿಯ

ಮೂರು ಸಲ ಬರೆದು ಹೊಡೆದು ಹಾಕಿದೆ. ಕೊನೆಗೆ ಇದು ಬಂತು: "ಚೆದುರಿದ್ದ ಫೋಟೋಗಳೆಲ್ಲ ವರ್ಷ–ತಿಂಗಳ ಫೋಲ್ಡರುಗಳಲ್ಲಿ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇವೆ. ಯಾವ ಫೋಟೋ ಬೇಕಾದರೂ ಒಂದು ನಿಮಿಷದಲ್ಲಿ ಸಿಗುತ್ತದೆ."

ಕೆಂಪುಮಸಿ

ಮೊದಲ ವಾಕ್ಯ ಚಿನ್ನ. ಎರಡನೆಯದನ್ನು ನೀವು ಪರೀಕ್ಷೆ ಮಾಡಿದ್ದೀರಾ?

ನಟ್ಟುಬೋಲ್ಟು

ಮಾಡಿಲ್ಲ ಅಂತ ನಾನೇ ಹೇಳ್ತೀನಿ. ವಾಟ್ಸಾಪಿನಲ್ಲಿ ಬಂದ ಫೋಟೋಗಳ ಗತಿ ಏನು? ಕ್ಯಾಮೆರಾದಲ್ಲಿ ತೆಗೆದ ಫೋಟೋದೊಳಗೆ ತೆಗೆದ ದಿನಾಂಕ ಬರೆದಿರುತ್ತದೆ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಆ ಮಾಹಿತಿ ಉದುರಿಹೋಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಫೈಲಿನ ಹೆಸರು `IMG-20210314-WA0007.jpg` ಅಂತಿರುತ್ತದೆ. ಅದರಲ್ಲಿರುವುದು 2021ರ ಮಾರ್ಚ್ 14, ಅಂದರೆ ನಿಮಗೆ ಬಂದ ದಿನ. ಫೋಟೋ 1998ರ ಹಳೇ ಪ್ರಿಂಟನ್ನು ಸ್ಕ್ಯಾನ್ ಮಾಡಿದ್ದಿರಬಹುದು. ಆದರೂ 2021ರ ಫೋಲ್ಡರಿಗೇ ಹೋಗಿ ಕೂರುತ್ತದೆ. ಒಂದು ನಿಮಿಷ ಹೋಗಲಿ, ಒಂದು ದಿನ ಹುಡುಕಿದರೂ ಸಿಗಲ್ಲ.

ಅಜ್ಜನ_ಕನ್ನಡಕ

ನೂರಕ್ಕೆ ನೂರು ನಿಜ. ನನ್ನ ತಂಗಿ ಮನೆಯ ಹಳೇ ಆಲ್ಬಮ್ ಪೂರ್ತಿ ಫೋನಿನಲ್ಲಿ ಹಿಡಿದು ಗುಂಪಿಗೆ ಹಾಕಿದಳು. ಈಗ ನನ್ನ ಕಂಪ್ಯೂಟರಿನ ಪ್ರಕಾರ ನಮ್ಮಪ್ಪ ಹೋದ ವರ್ಷ ಶಾಲೆಗೆ ಹೋಗುತ್ತಿದ್ದರು.

ಕಡತಪ್ರಿಯ

😄 ನನ್ನ ಸಂಗ್ರಹದಲ್ಲೇ ಪರೀಕ್ಷೆ ಮಾಡಿದೆ. ಮನಸ್ಸಿಗೆ ಬಂದ ಹತ್ತು ಫೋಟೋ ಹುಡುಕಿದೆ. ಕ್ಯಾಮೆರಾದ್ದು ಆರೂ ಬೇಗ ಸಿಕ್ಕವು. ವಾಟ್ಸಾಪಿನ ನಾಲ್ಕರಲ್ಲಿ ಒಂದು ಸಿಕ್ಕಿತು. ಅಲ್ಲಿಗೆ "ಯಾವ ಫೋಟೋ ಬೇಕಾದರೂ" ಸುಳ್ಳು. ತೆಗೆದುಬಿಡಲಾ?

ಕೆಂಪುಮಸಿ

ಪೂರ್ತಿ ತೆಗೆಯಬೇಡಿ, ಮಿತಿ ಹಾಕಿ. "ನೀವು ಕ್ಯಾಮೆರಾದಲ್ಲಿ ತೆಗೆದ ಫೋಟೋ ಯಾವ ವರ್ಷದ್ದು ಅಂತ ನೆನಪಿದ್ದರೆ ಬೇಗ ಸಿಗುತ್ತದೆ. ಬೇರೆಯವರು ಕಳಿಸಿದ್ದಕ್ಕೆ ಬೇರೆ ಫೋಲ್ಡರ್." ಭರವಸೆ ಕುಗ್ಗಿದ ಹಾಗೆ ಕಾಣುತ್ತದೆ. ಆದರೆ ಓದುವವರಿಗೆ ಅಲ್ಲಿ "ಇವರು ಇದನ್ನು ಮಾಡಿ ನೋಡಿದ್ದಾರೆ" ಅನ್ನಿಸುತ್ತದೆ. ಇದು ಮುನ್ನುಡಿಗೆ. ಶೀರ್ಷಿಕೆಗೆ ಬೇಡ.

ಈಗ ಅಧ್ಯಾಯಗಳು. ಪ್ರತಿ ಅಧ್ಯಾಯ ಮುಗಿದಾಗ ಕೈಯಲ್ಲಿ ಏನಿರುತ್ತದೆ ಅನ್ನೋದನ್ನೇ ಹೆಸರು ಮಾಡಿ. ಎಂಟನ್ನೂ ಬರೆದು ಒಂದರ ಕೆಳಗೊಂದು ಇಡಿ. ಏನೋ ಒಂದು ಕಾಣುತ್ತದೆ, ನಾನು ಈಗ ಹೇಳಲ್ಲ.

ಪದ್ಯಪ್ರೇಮಿ

ನನ್ನದೊಂದು ತಕರಾರು. "ಮೋಡಗಳ ಆಚೆ" ಎಷ್ಟು ಚೆಂದ ಇದೆ! ಎಲ್ಲವನ್ನೂ ಅಂಗಡಿ ಬೋರ್ಡಿನ ಹಾಗೆ ಮಾಡಿದರೆ ಓದೋದರಲ್ಲಿ ಏನು ರುಚಿ? ಜನ ಫೋಟೋ ಇಟ್ಟುಕೊಳ್ಳೋದೇ ನೆನಪಿಗೆ. ಆ ಪದವನ್ನೇ ತೆಗೆದರೆ ಉಳಿಯೋದು ಫೈಲು, ಫೋಲ್ಡರು.

ನಟ್ಟುಬೋಲ್ಟು

ಕ್ಲೌಡ್ ಸಿಂಕ್ ಬಗ್ಗೆ ಹುಡುಕುವವನಿಗೆ "ಮೋಡಗಳ ಆಚೆ" ಅಂತ ಕಂಡರೆ ಅದು ಹವಾಮಾನದ ಅಧ್ಯಾಯ ಸ್ವಾಮಿ.

ಪದ್ಯಪ್ರೇಮಿ

ನಿಮಗೆ ಹಾಗೆ. ನನಗೆ ಆ ಹೆಸರು ನೋಡಿಯೇ ಓದಬೇಕು ಅನ್ನಿಸಿತು.

ಮಧ್ಯರಾತ್ರಿ_ಓದುಗ

ಓದಿದಿರಾ?

ಪದ್ಯಪ್ರೇಮಿ

…ಇನ್ನೂ ಇಲ್ಲ.

ಕಡತಪ್ರಿಯ

ಕೆಂಪುಮಸಿ ಮೇಡಂ, ಬರೆದೆ. ಕಂಡಿತು. ಬೆವರು ಬಂತು.

ಮೊದಲನೆಯದು, 1 ಮತ್ತು 2ನೇ ಅಧ್ಯಾಯಕ್ಕೆ ಹಾಗೆ ಹೆಸರಿಡಲು ಆಗಲೇ ಇಲ್ಲ. ಅವು ಮುಗಿದಾಗ ಓದುವವರ ಕೈಯಲ್ಲಿ ಏನೂ ಇರಲ್ಲ. ಕ್ಯಾಮೆರಾದ ಇತಿಹಾಸ ನನಗೆ ಇಷ್ಟ ಅಂತ ಹಾಕಿದ್ದು, ಅಷ್ಟೇ. ಒಟ್ಟು ಹನ್ನೊಂದು ಪುಟ.

ಎರಡನೆಯದು ಇನ್ನೂ ಕೆಟ್ಟದು. 4ನೇ ಅಧ್ಯಾಯ "ಅನಗತ್ಯಕ್ಕೆ ವಿದಾಯ" ಆಯಿತು "ಒಂದೇ ಫೋಟೋ ಮೂರು ಸಲ ಇದ್ದರೆ ಎರಡನ್ನು ಅಳಿಸಿ". 7ನೇ ಅಧ್ಯಾಯ "ಸುರಕ್ಷತೆಯ ಸೂತ್ರ" ಆಯಿತು "ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಎರಡನೇ ಪ್ರತಿ ಮಾಡಿ". ಒಂದರ ಕೆಳಗೊಂದು ಇಟ್ಟರೆ, ಇರುವ ಒಂದೇ ಪ್ರತಿಯಿಂದ ಅಳಿಸಿ ಅಂತ ಮೊದಲು ಹೇಳಿ, ಪ್ರತಿ ಮಾಡಿ ಅಂತ ಮೂರು ಅಧ್ಯಾಯ ಆದ ಮೇಲೆ ಹೇಳಿದ್ದೇನೆ! ಯಾರಾದರೂ ತಪ್ಪು ಫೈಲ್ ಅಳಿಸಿದ್ದರೆ?

ಕೆಂಪುಮಸಿ

ಅದೇ. ಚೆಂದದ ಹೆಸರುಗಳ ಕೆಳಗೆ ಕ್ರಮ ತಪ್ಪಿದ್ದು ಮುಚ್ಚಿಹೋಗಿತ್ತು. ಒಳಗಿನ ವಿಷಯ ಸರಿ, ಹೆಸರು ಬದಲಿಸಿದರೆ ಸಾಕು ಅಂದಿದ್ದಿರಿ. ಹೆಸರು ಬರೆಯಲು ಆಗದ ಅಧ್ಯಾಯ ಕಂಡರೆ ಅಧ್ಯಾಯವನ್ನೇ ಅನುಮಾನಿಸಬೇಕು. ಇತಿಹಾಸ ಬಿಡಲು ಮನಸ್ಸಿಲ್ಲದಿದ್ದರೆ ಕೊನೆಯಲ್ಲಿ ಎರಡು ಪುಟ ಇಡಿ.

ಅಜ್ಜನ_ಕನ್ನಡಕ

ಇ-ಬುಕ್ ಅನ್ನಬೇಕೋ ಇ-ಪುಸ್ತಕ ಅನ್ನಬೇಕೋ? ನಡುವೆ ಬಾಯಿ ಹಾಕಿದೆ ಅಂತ ಬೈಯಬೇಡಿ.

ನಟ್ಟುಬೋಲ್ಟು

ಯಾವುದಾದರೂ ಒಂದು. ಒಂದೇ ಪುಟದಲ್ಲಿ ಎರಡೂ ಬೇಡ. ಇವರ ಮುನ್ನುಡಿಯಲ್ಲಿ "ಕೃತಿ", "ಹೊತ್ತಗೆ", "ಮಾರ್ಗದರ್ಶಿ", "ಇ-ಬುಕ್" ನಾಲ್ಕೂ ಇವೆ.

ಕಡತಪ್ರಿಯ

ಹೊಸ ಅಧ್ಯಾಯಗಳು, ಹೊಸ ಕ್ರಮ:

1. ಫೋಟೋಗಳು ಎಲ್ಲೆಲ್ಲಿವೆ: ಒಂದು ಹಾಳೆಯಲ್ಲಿ ಪಟ್ಟಿ ಮಾಡಿ
2. ಎಲ್ಲವನ್ನೂ ಕಂಪ್ಯೂಟರಿನ ಒಂದೇ ಫೋಲ್ಡರಿಗೆ ತನ್ನಿ
3. ಏನನ್ನೂ ಅಳಿಸುವ ಮೊದಲು ಹಾರ್ಡ್‌ಡಿಸ್ಕಿನಲ್ಲಿ ಎರಡನೇ ಪ್ರತಿ ಮಾಡಿ
4. ಒಂದೇ ಫೋಟೋ ಮೂರು ಸಲ ಇದ್ದರೆ ಎರಡನ್ನು ಅಳಿಸಿ
5. ಉಳಿದದ್ದನ್ನು ವರ್ಷ–ತಿಂಗಳ ಫೋಲ್ಡರಿಗೆ ಹಾಕಿ
6. ಫೋನಿನಲ್ಲಿ ಅಳಿಸಿದರೆ ಕ್ಲೌಡಿನಲ್ಲೂ ಅಳಿಯುತ್ತದೆಯೇ? ಒಂದು ಫೋಟೋ ಇಟ್ಟು ಪರೀಕ್ಷಿಸಿ
7. ತಿಂಗಳಿಗೊಮ್ಮೆ ಹೊಸ ಫೋಟೋಗಳನ್ನು ಎರಡೂ ಕಡೆ ಸೇರಿಸಿ

ನಟ್ಟುಬೋಲ್ಟು

6 ಬಹಳ ಚೆನ್ನಾಗಿದೆ. ಸಿಂಕ್ ಆಗುತ್ತಿದೆ ಅಂದರೆ ಬ್ಯಾಕಪ್ ಇದೆ ಅಂತ ಮುಕ್ಕಾಲು ಜನ ತಿಳಿದಿದ್ದಾರೆ. ಆದರೆ 4 ಮತ್ತು 5 ಆದ ಮೇಲೆ ಡಿಸ್ಕಿನಲ್ಲಿರೋದು ಜೋಡಿಸುವ ಮೊದಲಿನ ರಾಶಿ. ನಿಮ್ಮ ಕೊನೇ ಪುಟದ ವಾಕ್ಯದಲ್ಲಿ ಎರಡು ಕಡೆಯೂ ಒಂದೇ ಥರ ಇರಬೇಕು ಅಂತಿದೆ. 5ರ ಕೊನೆಗೆ "ಜೋಡಿಸಿದ್ದನ್ನು ಡಿಸ್ಕಿಗೂ ಹಾಕಿ, ತೆರೆದು ನೋಡಿ, ಆಮೇಲೆ ಹಳೇ ರಾಶಿ ತೆಗೆಯಿರಿ" ಅಂತ ಸೇರಿಸಿ. ಎರಡೂ ಸೇರಿ ಹಿಡಿಸುವಷ್ಟು ಜಾಗ ಡಿಸ್ಕಿನಲ್ಲಿ ಬೇಕು ಅಂತಲೂ ಮೊದಲೇ ಹೇಳಿ.

ಕಡತಪ್ರಿಯ

ಅದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಸೇರಿಸುತ್ತೇನೆ.

ಬಾಣಬಿರುಸು

ಸರಿ, ಸೋತೆ ಅಂದುಕೊಳ್ಳಿ. ಆದರೆ ಶೀರ್ಷಿಕೆಗೆ ಒಂದು ಸಮಯ ಬೇಕೇ ಬೇಕು. "ಒಂದೇ ವಾರಾಂತ್ಯದಲ್ಲಿ" ಅಂತ ಹಾಕಿ. ಇದು ಫಲಿತಾಂಶವೇ ಅಲ್ವಾ ಮೇಡಂ?

ಕೆಂಪುಮಸಿ

ಈ ಸಲ ಅರ್ಧ ಸರಿ ಹೇಳಿದಿರಿ. ಗಡಿಯಾರ ಇಟ್ಟು ಅಳೆದಿದ್ದರೆ ಹಾಕಬಹುದು. ಅದೂ ಬರೆದವರು ಅಲ್ಲ, ಬೇರೆಯವರು ಮಾಡುವಾಗ ಅಳೆದದ್ದು.

ಕಡತಪ್ರಿಯ

ನನಗೆ ಐದು ಗಂಟೆ ಹಿಡಿದಿತ್ತು. ನನ್ನ ಸಹೋದ್ಯೋಗಿ ಹೋದ ತಿಂಗಳು ಸುಮಾರು 9,000 ಫೋಟೋಗಳಿಗೆ ಮಾಡಿದರು. ಕೂತು ಮಾಡಿದ್ದು ಹನ್ನೊಂದು ಗಂಟೆ, ಮೂರು ದಿನ. ಫೈಲುಗಳು ಕಾಪಿ ಆಗಲಿ ಅಂತ ಬಿಟ್ಟು ಹೋದ ಹೊತ್ತು ಬೇರೆ. ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋಗಿದ್ದು ಒಂದೇ ಥರದವನ್ನು ಅಳಿಸೋದರಲ್ಲಿ.

ಬಾಣಬಿರುಸು

ಹನ್ನೊಂದು ಗಂಟೆ ಅಂತ ಹಾಕಿದರೆ ಒಬ್ಬರೂ ಮುಟ್ಟಲ್ಲ ಗುರು.

ಮಧ್ಯರಾತ್ರಿ_ಓದುಗ

ನಾನು ಮುಟ್ಟುತ್ತೇನೆ. ವಾರಾಂತ್ಯ ಅಂತ ನಂಬಿ ಕೂತು, ಭಾನುವಾರ ರಾತ್ರಿ ಅರ್ಧಕ್ಕೆ ನಿಂತರೆ ಬರೆದವರ ಮೇಲೆ ಸಿಟ್ಟು ಬರುತ್ತದೆ. ಮೊದಲೇ ಹೇಳಿದ್ದರೆ ನಾನೇ ಭಾಗ ಮಾಡಿಕೊಳ್ಳುತ್ತೇನೆ.

ಕೆಂಪುಮಸಿ

ಇಬ್ಬರದ್ದು ಅಳೆದು ಶೀರ್ಷಿಕೆ ಬರೆಯಲು ಆಗಲ್ಲ. ಫೋಟೋ ಎಷ್ಟಿವೆ ಅನ್ನೋದರ ಮೇಲೆ ಎಲ್ಲ ಬದಲಾಗುತ್ತದೆ. ಮುನ್ನುಡಿಯಲ್ಲಿ "9,000 ಫೋಟೋಗಳಿಗೆ ಒಬ್ಬರಿಗೆ ಹನ್ನೊಂದು ಗಂಟೆ ಹಿಡಿಯಿತು" ಅಂತ ಆದದ್ದನ್ನು ಆದಂತೆ ಬರೆಯಿರಿ. ಅದು ಭರವಸೆ ಅಲ್ಲ, ಉದಾಹರಣೆ.

ಬಾಣಬಿರುಸು

ನನಗೆ ಒಪ್ಪಿಗೆ ಇಲ್ಲ. ಶೀರ್ಷಿಕೆಯಲ್ಲಿ ಸಮಯ ಇಲ್ಲದ್ದು ನಷ್ಟವೇ. ದಾಖಲಿಸಿಕೊಳ್ಳಿ.

ಕಡತಪ್ರಿಯ

ಶೀರ್ಷಿಕೆ ಎರಡು ಇವೆ. ಒಂದು: "ಚೆದುರಿದ ಫೋಟೋಗಳೆಲ್ಲ ಒಂದೇ ಕಡೆ". ಇನ್ನೊಂದು: "ಫೋನ್ ಕಳೆದರೂ ಫೋಟೋ ಕಳೆಯಬಾರದು". ಎರಡಕ್ಕೂ ಉಪಶೀರ್ಷಿಕೆ: "ಫೋನ್, ಲ್ಯಾಪ್‌ಟಾಪ್, ಪೆನ್‌ಡ್ರೈವಿನ ಫೋಟೋಗಳನ್ನು ವರ್ಷವಾರು ಜೋಡಿಸಿ ಎರಡು ಕಡೆ ಇಡುವ ವಿಧಾನ".

ಪದ್ಯಪ್ರೇಮಿ

ಎರಡನೆಯದು! ಇದರಲ್ಲಿ ಲಯವೂ ಇದೆ, ವಿಷಯವೂ ಇದೆ. "ನೆನಪು" ಅನ್ನೋ ಪದ ಇಲ್ಲದೆಯೂ ನೆನಪು ಬಂತು ನೋಡಿ.

ನಟ್ಟುಬೋಲ್ಟು

ಅದು ಪೂರ್ತಿ ನಿಜ ಅಲ್ಲ. ಇವತ್ತು ಬೆಳಿಗ್ಗೆ ತೆಗೆದ ಫೋಟೋ, ಮಧ್ಯಾಹ್ನ ಫೋನ್ ಕಳೆಯಿತು. ಆ ಫೋಟೋ ಹೋಯಿತು. ತಿಂಗಳಿಗೊಮ್ಮೆ ಸೇರಿಸುವವರಿಗೆ ಹೆಚ್ಚೆಂದರೆ ಒಂದು ತಿಂಗಳಿನದು ಹೋಗುತ್ತದೆ.

ಕೆಂಪುಮಸಿ

"ಕಳೆಯಬಾರದು" ಅಂದಿದ್ದಾರೆ, "ಕಳೆಯುವುದಿಲ್ಲ" ಅಂದಿಲ್ಲ. ಆಸೆಯ ಮಾತು, ಗ್ಯಾರಂಟಿ ಅಲ್ಲ. ಆದರೂ ನೀವು ಹೇಳಿದ ಒಂದು ತಿಂಗಳ ಲೆಕ್ಕ ಮುನ್ನುಡಿಗೆ ಬೇಕು. ಇನ್ನೊಂದು ಮಾತು, ಮುಖಪುಟವನ್ನು ಫೋನಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಉಪಶೀರ್ಷಿಕೆ ಓದಲು ಬರಲ್ಲ. ದೊಡ್ಡ ಅಕ್ಷರದ ಸಾಲು ಒಂಟಿಯಾಗಿ ನಿಂತಾಗ ಅರ್ಥ ಆಗಬೇಕು. ಎರಡನೆಯದು ನಿಲ್ಲುತ್ತದೆ. ಮೊದಲನೆಯದೂ ನಿಲ್ಲುತ್ತದೆ, ಸ್ವಲ್ಪ ಸಪ್ಪೆ.

ನಟ್ಟುಬೋಲ್ಟು

ಮರೆಯುವ ಮುಂಚೆ ಹೇಳಿಬಿಡುತ್ತೇನೆ. ನಿಮ್ಮ ಪಿಡಿಎಫ್ ತೆರೆದರೆ ಬ್ರೌಸರಿನ ಟ್ಯಾಬಿನಲ್ಲಿ `Microsoft Word - book_final3.docx` ಅಂತ ಬರುತ್ತಿದೆ. ಮುಖಪುಟ ಎಷ್ಟು ಬದಲಿಸಿದರೂ ಇದು ಹಾಗೇ ಉಳಿಯುತ್ತದೆ. ವರ್ಡಿನಲ್ಲಿ `File > Info` ಹೋಗಿ `Title` ಜಾಗದಲ್ಲಿ ಹೊಸ ಹೆಸರು ಬರೆದು, ಆಮೇಲೆ ಪ್ರಿಂಟ್ ಮೂಲಕ ಅಲ್ಲ, `Save As` ಮೂಲಕ ಪಿಡಿಎಫ್ ಮಾಡಿ. ಇ-ಪಬ್ ಕೂಡ ಕೊಡುತ್ತಿದ್ದರೆ ಅದರ `.opf` ಫೈಲಿನಲ್ಲಿ ಈ ಸಾಲು:

```
<dc:title>ಫೋನ್ ಕಳೆದರೂ ಫೋಟೋ ಕಳೆಯಬಾರದು</dc:title>
```

ಅಧ್ಯಾಯದ ಹೆಸರುಗಳಿಗೆ ಬರೀ ದಪ್ಪ ಅಕ್ಷರ ಮಾಡಿದ್ದೀರಿ. `Heading 1` ಶೈಲಿ ಕೊಡಿ. ಪಿಡಿಎಫ್ ಮಾಡುವಾಗ ಹೆಡಿಂಗುಗಳಿಂದ ಬುಕ್‌ಮಾರ್ಕ್ ಮಾಡುವ ಆಯ್ಕೆ ಹಾಕಿದರೆ ಪಕ್ಕದಲ್ಲಿ ಪಟ್ಟಿ ಬರುತ್ತದೆ. ಅದರ ಅಗಲ ಕಡಿಮೆ. "ಫೋನಿನಲ್ಲಿ ಅಳಿಸಿದರೆ ಕ್ಲೌಡಿನಲ್ಲೂ…" ಅಂತ ಕತ್ತರಿಸಿಹೋಗುತ್ತದೆ. ಅದಕ್ಕೆ ಮುಖ್ಯ ಪದ ಮೊದಲೇ ಬರಲಿ.

ಸುಮ್ನೆ_ಬಂದೆ

ನನ್ನ ಡಿಲೀಟ್ ಆದ ಆಲ್ಬಮ್ ಬಗ್ಗೆ ಯಾರೂ ಹೇಳಲೇ ಇಲ್ಲ 😔

ನಟ್ಟುಬೋಲ್ಟು

ಸಾರಿ ಮಾರಾಯ್ರೆ. ಐಫೋನ್ ಆದರೆ ಫೋಟೋಸ್‌ನಲ್ಲಿ `Recently Deleted` ನೋಡಿ, 30 ದಿನ ಇರುತ್ತದೆ. ಗೂಗಲ್ ಫೋಟೋಸ್ ಆದರೆ ಅದರ ಕಸದ ಬುಟ್ಟಿಯಲ್ಲಿ ನೋಡಿ. ಬ್ಯಾಕಪ್ ಆಗಿದ್ದರೆ 60 ದಿನ ಇರುತ್ತದೆ. ಹೋದ ವಾರ ಆದದ್ದು ಅಂದ್ರಲ್ಲ, ಈಗಲೇ ನೋಡಿ.

ಕಡತಪ್ರಿಯ

ಮುನ್ನುಡಿ ಮೊದಲಿಂದ ಬರೆದೆ. ಬೈಯಿರಿ.

"ಒಂದು ಫೋಟೋ ಬೇಕು. ಹಳೇ ಫೋನಿನಲ್ಲಿದೆಯೋ, ಲ್ಯಾಪ್‌ಟಾಪಿನಲ್ಲಿದೆಯೋ ಗೊತ್ತಿಲ್ಲ. ಹಳೇ ಫೋನ್ ಆನ್ ಆಗುತ್ತಿಲ್ಲ. ಇಂಥ ಪರಿಸ್ಥಿತಿ ನಿಮ್ಮದಾಗಿದ್ದರೆ ಈ ಇ-ಬುಕ್ ನಿಮಗೆ. ಇದರಲ್ಲಿ ಹೇಳಿದ್ದನ್ನು ಮಾಡಿ ಮುಗಿಸಿದಾಗ, ನೀವು ತೆರೆಯಬಲ್ಲ ಫೋಟೋಗಳೆಲ್ಲ ವರ್ಷ–ತಿಂಗಳ ಫೋಲ್ಡರುಗಳಲ್ಲಿ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಹಾರ್ಡ್‌ಡಿಸ್ಕಿನಲ್ಲಿ ಒಂದು ಪ್ರತಿ ಇರುತ್ತವೆ. ಫೋನ್ ಕಳೆದರೆ ಹೋಗುವುದು ಕೊನೇ ಸಲ ಸೇರಿಸಿದ ಮೇಲಿನ ಫೋಟೋಗಳು ಮಾತ್ರ. ಬೇಕಾದದ್ದು ಒಂದು ಕಂಪ್ಯೂಟರ್, ಒಂದು ಹಾರ್ಡ್‌ಡಿಸ್ಕ್, ಬಿಡುವು. ಸುಮಾರು 9,000 ಫೋಟೋ ಇದ್ದ ಒಬ್ಬರಿಗೆ ಹನ್ನೊಂದು ಗಂಟೆ ಹಿಡಿಯಿತು. ವಾಟ್ಸಾಪಿನಲ್ಲಿ ಬಂದ ಫೋಟೋಗಳಿಗೆ ತೆಗೆದ ದಿನ ಗೊತ್ತಾಗುವುದಿಲ್ಲ, ಅವುಗಳಿಗೆ ಬೇರೆ ಫೋಲ್ಡರ್. ಅಳಿಸಿಹೋದದ್ದನ್ನು ವಾಪಸ್ ತರುವುದು, ಒಳ್ಳೆಯ ಫೋಟೋ ತೆಗೆಯುವುದು ಇದರಲ್ಲಿ ಇಲ್ಲ."

ಕೆಂಪುಮಸಿ

ಬೈಯಲು ಜಾಸ್ತಿ ಇಲ್ಲ. "ಇಂಥ ಪರಿಸ್ಥಿತಿ ನಿಮ್ಮದಾಗಿದ್ದರೆ" ಸಾಲು ತೆಗೆಯಿರಿ, ಮೊದಲ ಮೂರು ವಾಕ್ಯ ಅದನ್ನೇ ಹೇಳಿವೆ. "ತೆರೆಯಬಲ್ಲ" ಅನ್ನೋದನ್ನು ಸೇರಿಸಿದ್ದು ಒಳ್ಳೆಯದಾಯಿತು. ಆದರೆ ಆನ್ ಆಗದ ಫೋನಿನಿಂದಲೇ ಶುರು ಮಾಡಿ, ಅದಕ್ಕೆ ಉಪಾಯ ಕೊಡುತ್ತಿಲ್ಲ. ಓದುವವರು ಅದನ್ನೇ ಕಾಯುತ್ತಾರೆ. ಆ ಉದಾಹರಣೆ ಬದಲಿಸಿ.

ಆಮೇಲೆ ಇದನ್ನು ಓದದ ಮೂವರಿಗೆ ಶೀರ್ಷಿಕೆ ಮತ್ತು ಪರಿವಿಡಿ ಮಾತ್ರ ತೋರಿಸಿ. "ಚೆನ್ನಾಗಿದೆಯಾ?" ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಇದನ್ನು ಮುಗಿಸಿದರೆ ನಿಮ್ಮ ಹತ್ತಿರ ಏನಿರುತ್ತದೆ?" ಅಂತ ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ.

ಬಾಣಬಿರುಸು

ಎರಡು ಶೀರ್ಷಿಕೆಯನ್ನೂ ಬಿಟ್ಟು ಯಾವುದಕ್ಕೆ ಡೌನ್‌ಲೋಡ್ ಜಾಸ್ತಿ ಅಂತ ನೋಡಿ. ಇದಕ್ಕಾದರೂ ಒಪ್ತೀರಾ?

ನಟ್ಟುಬೋಲ್ಟು

ತಿಂಗಳಿಗೆ ನಲವತ್ತು ಡೌನ್‌ಲೋಡ್. ಒಂದಕ್ಕೆ 22, ಇನ್ನೊಂದಕ್ಕೆ 18 ಬಂದರೆ ಏನು ಗೊತ್ತಾಗುತ್ತದೆ? ನಾಣ್ಯ ಚಿಮ್ಮಿದರೂ ಹಾಗೇ ಬರುತ್ತದೆ.

ಕಡತಪ್ರಿಯ

ಮೂವರಿಗೆ ತೋರಿಸಿದೆ. ಇಬ್ಬರು "ಎಲ್ಲ ಫೋಟೋ ಎರಡು ಕಡೆ ಇರುತ್ತವೆ" ಅಂದರು. ಮೂರನೆಯವರು "ಕಳೆದ ಫೋನನ್ನು ಹುಡುಕೋ ವಿಧಾನ ಇರುತ್ತದೆ" ಅಂದರು.

ಪದ್ಯಪ್ರೇಮಿ

ಅಯ್ಯೋ.

ಕೆಂಪುಮಸಿ

ಮೂವರಲ್ಲಿ ಒಬ್ಬರು ತಪ್ಪು ತಿಳಿದರೆ ತಳ್ಳಿಹಾಕಲು ಆಗಲ್ಲ. ಇನ್ನು ನಾಲ್ಕೈದು ಜನಕ್ಕೆ ತೋರಿಸಿ. ಮತ್ತೊಬ್ಬರು ಹಾಗೇ ಅಂದರೆ ಸಪ್ಪೆಯದ್ದನ್ನೇ ಇಡಿ.

ಸುಮ್ನೆ_ಬಂದೆ

ಬುಟ್ಟಿಯಲ್ಲಿ ಸಿಕ್ಕಿತು!! ಎಲ್ಲಾ 64 ಫೋಟೋ. ಧನ್ಯವಾದ ನಟ್ಟುಬೋಲ್ಟು ಸರ್. ಕಡತಪ್ರಿಯ ಅವರೇ, ಈಗ ನಿಮ್ಮ ಪುಸ್ತಕದ ಲಿಂಕ್ ಕೊಡಿ, ಹಳೇದಾದರೂ ಪರವಾಗಿಲ್ಲ.

ಕಡತಪ್ರಿಯ

ಹಳೇದು ಬೇಡ ರೀ. ಅದರಲ್ಲಿ ಅಳಿಸೋ ಅಧ್ಯಾಯ ಮೊದಲು ಬರುತ್ತದೆ. ಭಾನುವಾರ ಹೊಸದು ಹಾಕುತ್ತೇನೆ.